ಪೆಟ್ರೋಲ್ ಬೆಲೆಯ ಹೊಸ್ತಿಲು

ಪುಣೆಯ ನಮ್ಮ ಸೊಸೈಟಿಯಲ್ಲಿ ಭಾನುವಾರ ಬೆಳಿಗ್ಗೆ ಸೇರುವ ನಾಲ್ಕೈದು ಕನ್ನಡಿಗರ ಹರಟೆಯಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ: "ಕಚ್ಚಾತೈಲ ಏರಿದರೆ ಬಂಕಿನಲ್ಲಿ ಮರುದಿನವೇ ಏರತ್ತೆ, ಇಳಿದರೆ ಮಾತ್ರ ಯಾರಿಗೂ ನೆನಪಾಗಲ್ಲ." ಇದು ಗೊಣಗಾಟವೋ ನಿಜವೋ ಲೆಕ್ಕ ಹಾಕಿ ತೋರಿಸುತ್ತೇನೆಂದು ನಾನು ಒಪ್ಪಿಕೊಂಡೆ. ಡೇಟಾ ನನ್ನ ದಿನದ ಕೆಲಸವೇ ಆದ್ದರಿಂದ ಸ್ವಲ್ಪ ಧೈರ್ಯ ಹೆಚ್ಚೇ ಇತ್ತು.

ಈ ಗೊಣಗಾಟ ನಮ್ಮದು ಮಾತ್ರವಲ್ಲ. ಬ್ರಿಟನ್ನಿನ ಪೆಟ್ರೋಲ್ ಬೆಲೆಯನ್ನು ಪರಿಶೀಲಿಸಿದ ರಾಬರ್ಟ್ ಬೇಕನ್ 1991ರಲ್ಲೇ ಇದಕ್ಕೆ 'ರಾಕೆಟ್ ಮತ್ತು ಗರಿ' ಎಂದು ಹೆಸರಿಟ್ಟರು. ಏರುವುದು ರಾಕೆಟ್ಟಿನಂತೆ, ಇಳಿಯುವುದು ಹಕ್ಕಿಯ ಗರಿಯಂತೆ. ಇದನ್ನು ಅಳೆಯಲು ಒಗ್ಗುವ ಸಾಧನವೇ ಥ್ರೆಶೋಲ್ಡ್ ಆಟೋರಿಗ್ರೆಸಿವ್ ಮಾಡೆಲ್. 1970ರ ದಶಕದ ಕೊನೆಯಲ್ಲಿ ಹೋವೆಲ್ ಟಾಂಗ್ ರೂಪಿಸಿದ್ದು.

ಮೊದಲು ಬಂಕಿನ ಬೆಲೆಗೂ ತೈಲದ ವೆಚ್ಚಕ್ಕೂ ಇರುವ ದೀರ್ಘಕಾಲದ ಸಂಬಂಧವನ್ನು ಅಂದಾಜಿಸಬೇಕು. ವೆಚ್ಚದ ಪ್ರಕಾರ ಇರಬೇಕಾದ ಬೆಲೆಗೂ ನಿಜವಾದ ಬೆಲೆಗೂ ಇರುವ ವ್ಯತ್ಯಾಸವನ್ನು ಅಂತರ ಎನ್ನೋಣ. ವೆಚ್ಚ ಇಳಿದು ಬೆಲೆ ಮೇಲೆಯೇ ನಿಂತರೆ ಅಂತರ ಧನ, ವೆಚ್ಚ ಹಾರಿ ಬೆಲೆ ಹಿಂದುಳಿದರೆ ಋಣ. ಸಾಮಾನ್ಯ ಮಾಡೆಲ್ ಎರಡೂ ಕಡೆ ಒಂದೇ ವೇಗದಲ್ಲಿ ಅಂತರ ಕರಗುತ್ತದೆ ಎಂದುಕೊಳ್ಳುತ್ತದೆ. ಇಲ್ಲಿ ನಡುವೆ ಒಂದು ಹೊಸ್ತಿಲು ಇಟ್ಟು, ಆಚೆಗೊಂದು ಈಚೆಗೊಂದು ವೇಗ ಕೊಡುತ್ತೇವೆ:

```
Δe(t) = ρ1·e(t-1) + u(t),   e(t-1) ≥ τ
Δe(t) = ρ2·e(t-1) + u(t),   e(t-1) < τ
```

ಹೊಸ್ತಿಲು τ ಸೊನ್ನೆ ಎಂದಿಟ್ಟುಕೊಳ್ಳಿ. ಉದಾಹರಣೆಗೆ ನಾನೇ ಆರಿಸಿದ ಸಂಖ್ಯೆಗಳು: ρ1 = -0.1, ρ2 = -0.4, ಅವಧಿ ಒಂದು ವಾರ. ವೆಚ್ಚ ಲೀಟರಿಗೆ 4 ರೂಪಾಯಿ ಇಳಿದರೆ ಅಂತರ ವಾರವಾರ 4, 3.6, 3.24 ಎಂದು ತೆವಳುತ್ತದೆ. ಅರ್ಧವಾಗಲು ಆರೂವರೆ ವಾರ ಬೇಕು. ವೆಚ್ಚ 4 ರೂಪಾಯಿ ಏರಿದರೆ ಅದೇ ಅಂತರ 4, 2.4, 1.44 ಎಂದು ಎರಡು ವಾರದೊಳಗೇ ಅರ್ಧಕ್ಕಿಂತ ಕೆಳಗೆ. ವಾರಕ್ಕೆ 10 ಲೀಟರ್ ಹಾಕಿಸುವವರು ಇಳಿಕೆಯ ಸರದಿಯಲ್ಲಿ ಒಟ್ಟು 400 ರೂಪಾಯಿ ಹೆಚ್ಚು ಕೊಡುತ್ತಾರೆ. ಏರಿಕೆಯ ಸರದಿಯಲ್ಲಿ ಅವರಿಗೆ ಉಳಿಯುವುದು 100 ಮಾತ್ರ. ಬೆಲೆ ಕೊನೆಗೆ ಸರಿಯಾದ ಜಾಗಕ್ಕೇ ಬರುತ್ತದೆ, ಜೇಬು ಮಾತ್ರ ಬರುವುದಿಲ್ಲ.

ಹೊಸ್ತಿಲು ಸೊನ್ನೆಯೇ ಆಗಬೇಕೆಂದಿಲ್ಲ. ಅಂತರಗಳನ್ನು ಕ್ರಮವಾಗಿ ಜೋಡಿಸಿ, ಎರಡೂ ತುದಿಯ ಶೇ. 15ನ್ನು ಬಿಟ್ಟು, ಉಳಿದ ಪ್ರತಿಯೊಂದನ್ನೂ ಹೊಸ್ತಿಲಾಗಿ ಇಟ್ಟು ನೋಡುತ್ತೇವೆ. ಯಾವುದರಲ್ಲಿ ದೋಷಗಳ ವರ್ಗಗಳ ಮೊತ್ತ ಅತಿ ಕಡಿಮೆಯೋ ಅದನ್ನು ಆರಿಸುತ್ತೇವೆ. ಇಲ್ಲೊಂದು ಬಲೆಯಿದೆ. ನೂರಾರು ಹೊಸ್ತಿಲು ಹುಡುಕಿ ಅತ್ಯುತ್ತಮವಾದುದನ್ನು ತೆಗೆದುಕೊಂಡರೆ, ಏನೂ ಇಲ್ಲದ ಕಡೆಯೂ ಏನೋ ವ್ಯತ್ಯಾಸ ಕಂಡೇ ಕಾಣುತ್ತದೆ. ಹಾಗಾಗಿ ಪುಸ್ತಕದ ಹಿಂದಿನ ಎಫ್ ಕೋಷ್ಟಕ ಇಲ್ಲಿ ನಡೆಯದು. ಒಂದೇ ವೇಗದ ಮಾಡೆಲ್‌ನಿಂದ ಸಾವಿರ ಕೃತಕ ಸರಣಿ ಸೃಷ್ಟಿಸಿ, ಪ್ರತಿಯೊಂದರಲ್ಲೂ ಇಡೀ ಹುಡುಕಾಟ ನಡೆಸಿ, ನಮ್ಮ ಸಂಖ್ಯೆ ಅವುಗಳ ನಡುವೆ ಎಲ್ಲಿ ನಿಲ್ಲುತ್ತದೆಂದು ನೋಡಬೇಕು. ಇದೇ ಬೂಟ್‌ಸ್ಟ್ರಾಪ್.

ನಾನು ಇಷ್ಟನ್ನೂ ಮಾಡಿದೆ. ಗರಿ ಚೆನ್ನಾಗಿಯೇ ತೇಲುತ್ತಿತ್ತು! ಚಿತ್ರವನ್ನು ವಾಟ್ಸಾಪ್ ಗುಂಪಿಗೆ ಹಾಕಿದೆ. ಸಂಜೆ ಕೆಳಗೆ ಸಿಕ್ಕ ರಾಯರು, ಬ್ಯಾಂಕಿನಿಂದ ನಿವೃತ್ತರು, ಕೇಳಿದ್ದು ಒಂದೇ: "ಏನಪ್ಪಾ, ತೆರಿಗೆ ಕಳೆದಿದ್ದೀಯ ತಾನೇ?"

ಕಳೆದಿರಲಿಲ್ಲ. 2020ರ ಮೇ ಮೊದಲ ವಾರ, ಕಚ್ಚಾತೈಲ ನೆಲಕಚ್ಚಿದ್ದಾಗ, ಕೇಂದ್ರವು ಪೆಟ್ರೋಲಿಗೆ ಲೀಟರಿಗೆ 10 ರೂಪಾಯಿ, ಡೀಸೆಲಿಗೆ 13 ರೂಪಾಯಿ ಸುಂಕ ಏರಿಸಿತು. ಅದರಿಂದ ಬಂಕಿನ ದರ ಏರಲೂ ಇಲ್ಲ, ವೆಚ್ಚ ಕುಸಿದಷ್ಟು ಇಳಿಯಲೂ ಇಲ್ಲ. ತೆರಿಗೆ ಸೇರಿಸಿದ ದರ ಕೊಟ್ಟರೆ ಮಾಡೆಲ್‌ಗೆ ಕಾಣುವುದು ಇಳಿಯದ ಬೆಲೆ ಮಾತ್ರ. ಸರ್ಕಾರದ ನಿರ್ಧಾರವನ್ನು ಅದು ಮಾರಾಟಗಾರರ ನಿಧಾನ ಎಂದು ಓದಿಕೊಳ್ಳುತ್ತದೆ.

ಇನ್ನೊಂದು ತೊಡಕೂ ಆಗ ಹೊಳೆಯಿತು. 2017ರ ಜೂನ್ 16ರಿಂದ ದೇಶದಾದ್ಯಂತ ದರ ದಿನವೂ ಬದಲಾಗಬೇಕಾದ ವ್ಯವಸ್ಥೆ ಬಂತು. ಆದರೆ 2022ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ, ತೆರಿಗೆ ಬದಲಾವಣೆ ಬಿಟ್ಟರೆ, ತೈಲ ಕಂಪನಿಗಳು ದರವನ್ನು ಹೆಚ್ಚುಕಡಿಮೆ ಮುಟ್ಟಲೇ ಇಲ್ಲ. ವೆಚ್ಚ ಏರಿದಾಗಲೂ ಅಷ್ಟೇ, ಇಳಿದಾಗಲೂ ಅಷ್ಟೇ. ಅಲ್ಲಿ ಹೊಸ್ತಿಲು ಅಂತರದಲ್ಲಿಲ್ಲ, ಕ್ಯಾಲೆಂಡರಿನಲ್ಲಿದೆ. ಆ ಅವಧಿಯನ್ನು ಉಳಿದದ್ದರ ಜೊತೆ ಕಲಸಿದರೆ ಎರಡೂ ವೇಗಗಳು ಸುಳ್ಳಾಗುತ್ತವೆ. ಬೆಲೆಯನ್ನು ದಿನಾಂಕದ ಮೇಲೆ ಬರೆದು ನೋಡಿದ್ದರೆ ಸಾಕಿತ್ತು: ಬೆಲೆಯ ಗೆರೆ ಚಪ್ಪಟೆಯಾಗಿ ಮಲಗಿರುವುದು ಕಣ್ಣಿಗೇ ಕಾಣುತ್ತದೆ.

ತೆರಿಗೆ ಮತ್ತು ಡೀಲರ್ ಕಮಿಷನ್ ಕಳೆದು, ಚಪ್ಪಟೆ ಅವಧಿ ಬಿಟ್ಟು, ಕಚ್ಚಾತೈಲದ ಬದಲು ಅಂತರರಾಷ್ಟ್ರೀಯ ಪೆಟ್ರೋಲ್ ದರವನ್ನು ರೂಪಾಯಿಗೆ ತಿರುಗಿಸಿ ಮತ್ತೆ ಲೆಕ್ಕ ಹಾಕಿದೆ. ಎರಡು ವೇಗಗಳ ನಡುವಿನ ವ್ಯತ್ಯಾಸ ಮೊದಲಿನಷ್ಟು ದೊಡ್ಡದಾಗಿ ಉಳಿಯಲಿಲ್ಲ. ಗುಂಪಿನಿಂದ ಹಳೆಯ ಚಿತ್ರ ಅಳಿಸಿ, ಹೊಸದನ್ನು ರಾಯರಿಗೆ ಮೊದಲು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ರಾಜ್ಯದ ವ್ಯಾಟ್ ಯಾವ ತಿಂಗಳಿನದು ಹಾಕಿದೆ?" ಎಂದರು. ಅದನ್ನು ಈಗ ಸರಿಪಡಿಸುತ್ತಿದ್ದೇನೆ.