ಸೂಚನಾಫಲಕದ ಕಿರಿಯಕ್ಷರಗಳು

ತಾಲ್ಲೂಕು ಕಚೇರಿಯ ಗಾಜಿನ ಫಲಕದೊಳಗೆ ಅಂಟಿಸಿದ ಪ್ರಕಟಣೆಯನ್ನು ಮೊಬೈಲಿನಲ್ಲಿ ಹಿಡಿದು ಊರಿನ ಬಂಧುಗಳಿಗೆ ಕಳುಹಿಸುವುದು ಇಂದು ಸರ್ವಸಾಧಾರಣವಾದ ಪದ್ಧತಿ. ಆದರೆ ಆ ಚಿತ್ರವನ್ನು ತೆರೆದವರು ಶಿರೋನಾಮೆಯನ್ನೂ ಮೊಹರನ್ನೂ ನಿರಾಯಾಸವಾಗಿ ಓದಿ, ತಮಗೆ ನಿಜವಾಗಿ ಬೇಕಾದ ಸರ್ವೆ ನಂಬರಿನ ಬಳಿಗೆ ಬಂದೊಡನೆ, ಅದು 118/3 ಎಂದಿದೆಯೋ 118/8 ಎಂದಿದೆಯೋ ನಿರ್ಣಯಿಸಲಾರದೆ ನಿಲ್ಲುತ್ತಾರೆ. ಬೆರಳಿನಿಂದ ಹಿಗ್ಗಿಸಿದಷ್ಟೂ ಅಂಕಿಯು ದೊಡ್ಡದಾಗುವುದೇ ಹೊರತು ಸ್ಪಷ್ಟವಾಗುವುದಿಲ್ಲ. ಚಿತ್ರ ತೆಗೆದ ಕ್ಷಣದಲ್ಲಿ ಮಸೂರವು ಯಾವ ವಿವರವನ್ನು ಗ್ರಹಿಸಲಿಲ್ಲವೋ ಅದನ್ನು ಅನಂತರ ಯಾವ ಉಪಾಯದಿಂದಲೂ ಆ ಚಿತ್ರದಿಂದ ಹೊರತೆಗೆಯಲಾಗದು.

ಇದರ ಕಾರಣವು ಸಣ್ಣದೊಂದು ಲೆಕ್ಕದಿಂದ ವಿಶದವಾಗುತ್ತದೆ. ಹನ್ನೆರಡು ಮೆಗಾಪಿಕ್ಸೆಲ್ಲಿನ ಚಿತ್ರವು ಉದ್ದಕ್ಕೆ 4000, ಅಗಲಕ್ಕೆ 3000 ಬಿಂದುಗಳಿಂದ ಕೂಡಿರುತ್ತದೆ. ನಾಲ್ಕಡಿ ಅಗಲದ ಫಲಕವನ್ನೆಲ್ಲ ಒಂದೇ ಚಿತ್ರದಲ್ಲಿ ತುಂಬಿಸಿದರೆ, ಆ 4000 ಬಿಂದುಗಳು ಸುಮಾರು 1200 ಮಿಲಿಮೀಟರುಗಳಿಗೆ ಹಂಚಿಹೋಗಿ, ಪ್ರತಿ ಮಿಲಿಮೀಟರಿಗೆ ಮೂರು ಬಿಂದುಗಳಿಗಿಂತ ತುಸು ಹೆಚ್ಚು ಮಾತ್ರ ಲಭಿಸುತ್ತವೆ. ಎರಡು ಮಿಲಿಮೀಟರು ಎತ್ತರದ ಅಕ್ಷರಕ್ಕೆ ಆರೇಳು ಬಿಂದುಗಳು. ಅದರ ಕೆಳಗಿನ ಒತ್ತಕ್ಷರಕ್ಕೆ ಮೂರು. ಮೂರನ್ನು ಎಂಟರಿಂದ ಬೇರ್ಪಡಿಸುವ ಎಡಬದಿಯ ಅರ್ಧ ಮಿಲಿಮೀಟರಿನ ತೆರವಿಗೆ ಎರಡೂ ಪೂರ್ಣವಾಗಿ ದೊರೆಯವು. ಅದೇ ಎ-4 ಹಾಳೆಯೊಂದನ್ನೇ ಚಿತ್ರದ ತುಂಬ ಬರುವಂತೆ ಹಿಡಿದರೆ ಮಿಲಿಮೀಟರಿಗೆ ಹದಿಮೂರು ಬಿಂದುಗಳು ದೊರೆತು, ಅಕ್ಷರಕ್ಕೆ ಇಪ್ಪತ್ತಾರು, ಆ ತೆರವಿಗೆ ಆರೇಳು ಒದಗುತ್ತವೆ. ದಕಾರವನ್ನು ಧಕಾರದಿಂದ ಭಿನ್ನವಾಗಿಸುವುದು ಅಡಿಯ ಒಂದು ಕಿರುಗೆರೆ ಮಾತ್ರವಾಗಿರುವ ನಮ್ಮ ಲಿಪಿಗೆ ಈ ವ್ಯತ್ಯಾಸವು ಅಲ್ಪವಾದುದಲ್ಲ.

ಹೀಗೆ ಸಂಪಾದಿಸಿದುದನ್ನು ಕಳುಹಿಸುವಾಗ ಕಳೆದುಕೊಳ್ಳುವವರೂ ಬಹಳ. ವಾಟ್ಸ್‌ಆ್ಯಪ್ ಸಾಮಾನ್ಯ ಕ್ರಮದಲ್ಲಿ ಚಿತ್ರದ ಉದ್ದವನ್ನು ಸುಮಾರು 1600 ಬಿಂದುಗಳಿಗೆ ಕುಗ್ಗಿಸುವುದರಿಂದ ಉತ್ತಮವಾದ ಚಿತ್ರವೂ ಮಿಲಿಮೀಟರಿಗೆ ಐದಕ್ಕೆ ಇಳಿಯುತ್ತದೆ. ಅದನ್ನು ಡಾಕ್ಯುಮೆಂಟ್ ರೂಪದಲ್ಲಿ ಲಗತ್ತಿಸಿದರೆ ಮೂಲವು ಮೂಲವಾಗಿಯೇ ತಲಪುತ್ತದೆ.

ಅಸ್ಪಷ್ಟತೆಯು ಯಾವುದರಿಂದ ಉಂಟಾಯಿತೆಂಬುದನ್ನು ಅಕ್ಷರಗಳೇ ತಿಳಿಸುತ್ತವೆ. ಕೈ ಅಲುಗಿದ ಚಿತ್ರದಲ್ಲಿ ಅಕ್ಷರವು ಒಂದೇ ದಿಕ್ಕಿಗೆ ಎಳೆದಂತಾಗಿ, ಅಡ್ಡಗೆರೆಗಳು ಉಳಿದು ಲಂಬಗೆರೆಗಳು ಮಾಸಿರುತ್ತವೆ, ಇಲ್ಲವೆ ಇದಕ್ಕೆ ವಿಪರೀತವಾಗಿರುತ್ತದೆ. ಫೋಕಸ್ ತಪ್ಪಿದಾಗ ಎಲ್ಲ ದಿಕ್ಕಿಗೂ ಸಮವಾಗಿ ಊದಿಕೊಳ್ಳುತ್ತದೆ. ಕಡತವನ್ನು ಅತಿಯಾಗಿ ಸಂಕೋಚಿಸಿದಾಗ ಅಕ್ಷರದ ಸುತ್ತ ಚೌಕಚೌಕವಾದ ಕಲೆಗಳು ಕಾಣುತ್ತವೆ, ಏಕೆಂದರೆ ಜೆಪೆಗ್ ಪದ್ಧತಿಯು ಚಿತ್ರವನ್ನು ಎಂಟೆಂಟು ಬಿಂದುಗಳ ಚೌಕಗಳಾಗಿ ವಿಭಾಗಿಸಿ ಪ್ರತಿಯೊಂದರ ಸೂಕ್ಷ್ಮ ವಿವರವನ್ನು ತ್ಯಜಿಸುತ್ತದೆ.

ಮಸುಕಾದ ಅಂಕಿಯು ಸಂದೇಹವನ್ನಾದರೂ ಹುಟ್ಟಿಸುತ್ತದೆ. ಸ್ಪಷ್ಟವಾಗಿ ಕಾಣುವ ತಪ್ಪು ಅಂಕಿಯು ಅದನ್ನೂ ಹುಟ್ಟಿಸದಿರುವುದರಿಂದ ನನಗೆ ಹೆಚ್ಚು ಭಯಂಕರವಾಗಿ ತೋರುತ್ತದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಗಣಕಶಾಸ್ತ್ರಜ್ಞರು, ಕಟ್ಟಡದ ನಕ್ಷೆಯೊಂದನ್ನು ಜೆರಾಕ್ಸ್ ಕಂಪನಿಯ ಯಂತ್ರದಲ್ಲಿ ಪ್ರತಿ ಮಾಡಿಸಿದಾಗ ಕೋಣೆಗಳ ವಿಸ್ತೀರ್ಣದ ಸಂಖ್ಯೆಗಳು ಬದಲಾಗಿ ಬಂದಿದ್ದುದನ್ನು ಪತ್ತೆಹಚ್ಚಿದರು. ಕಡತವನ್ನು ಕಿರಿದಾಗಿಸಲೆಂದು ಯಂತ್ರವು ಹೋಲಿಕೆಯುಳ್ಳ ಅಕ್ಷರಚಿತ್ರಗಳನ್ನು ಒಂದೇ ಎಂದೆಣಿಸಿ, ಒಂದರ ಸ್ಥಳದಲ್ಲಿ ಇನ್ನೊಂದನ್ನು ಅಚ್ಚುಕಟ್ಟಾಗಿ ಇರಿಸಿತ್ತು. ಆರು ಎಂಟಾಗಿದ್ದರೂ ಮುದ್ರಣದಲ್ಲಿ ಲವಲೇಶವೂ ಮಸುಕಿರಲಿಲ್ಲ. ಮೊಬೈಲಿನಲ್ಲಿ ಚಿತ್ರವನ್ನು ಹರಿತಗೊಳಿಸುವ ಸೌಲಭ್ಯಗಳೂ ಇಲ್ಲದ ಬಿಂದುಗಳನ್ನು ಊಹೆಯಿಂದಲೇ ತುಂಬಬೇಕಾಗುವುದರಿಂದ, ಅವುಗಳಿಂದ ದೊರೆತ ಸರ್ವೆ ನಂಬರನ್ನು ಆಧಾರವಾಗಿಟ್ಟು ತಕರಾರು ಅರ್ಜಿ ಬರೆಯುವುದು ಯುಕ್ತವಲ್ಲ.

ಆದ್ದರಿಂದ ಶ್ರಮವೆಲ್ಲ ಫಲಕದ ಮುಂದೆಯೇ ಸಲ್ಲಬೇಕು. ಮೊದಲು ಜೇಬಿನ ಜಿಡ್ಡು ಹತ್ತಿದ ಮಸೂರವನ್ನು ಮೆತ್ತನೆಯ ಬಟ್ಟೆಯಿಂದ ಒರಸಿ, ದೂರದಿಂದ ಇಡೀ ಫಲಕದ ಒಂದು ಚಿತ್ರವನ್ನು ಸ್ಥಳದ ಗುರುತಿಗಾಗಿ ತೆಗೆದು, ಬಳಿಕ ಸಮೀಪಕ್ಕೆ ಹೋಗಿ, ಮೊಬೈಲನ್ನು ಹಾಳೆಗೆ ಸಮಾನಾಂತರವಾಗಿ ಹಿಡಿದು, ಅತ್ಯಂತ ಸಣ್ಣ ಅಕ್ಷರದ ಸಾಲಿನ ಮೇಲೆಯೇ ಬೆರಳೊತ್ತಿ ಫೋಕಸ್ ಕೂಡಿಸಬೇಕು. ಅತಿ ಸಮೀಪವೂ ದೋಷವೇ; ಗೇಣಿಗಿಂತ ಹತ್ತಿರವಾದಾಗ ಅನೇಕ ಮೊಬೈಲುಗಳ ಮುಖ್ಯ ಮಸೂರಕ್ಕೆ ಫೋಕಸ್ ನಿಲುಕದು. ಹಾಳೆ ದೊಡ್ಡದಾದರೆ ಮೇಲರ್ಧ, ಕೆಳಗಿನರ್ಧಗಳನ್ನು ಎರಡು ಸಾಲುಗಳಾದರೂ ಎರಡರಲ್ಲಿಯೂ ಬರುವಂತೆ ಬೇರೆಬೇರೆಯಾಗಿ ಹಿಡಿಯುವುದು ಮೇಲು. ಗಾಜಿನಲ್ಲಿ ಕಿಟಕಿಯೋ ಟ್ಯೂಬ್‌ಲೈಟೋ ಪ್ರತಿಫಲಿಸುತ್ತಿದ್ದರೆ ಫ್ಲ್ಯಾಶ್ ಆರಿಸಿ, ಜೊತೆಯವರೊಬ್ಬರು ಬೆನ್ನ ಹಿಂದೆ ಕಪ್ಪು ಕೊಡೆಯನ್ನು ಬಿಡಿಸಿ ಹಿಡಿಯುವಂತೆ ಕೇಳಿಕೊಳ್ಳಬಹುದು. ಆ ಕತ್ತಲೆಯ ಪ್ರತಿಬಿಂಬದ ಮೂಲಕ ಅಕ್ಷರಗಳು ನಿಚ್ಚಳವಾಗಿ ಹೊರಬರುತ್ತವೆ. ಬೆಳಕು ಮಂದವಾದ ಪಡಸಾಲೆಯಲ್ಲಿ ಮೊಳಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಎರಡು ಸೆಕೆಂಡಿನ ಟೈಮರ್ ಇಟ್ಟರೆ ಗುಂಡಿಯೊತ್ತುವಾಗಿನ ಅಲುಗಾಟವೂ ತಪ್ಪುತ್ತದೆ.

ಅಲ್ಲಿಂದ ಹೊರಡುವ ಮುನ್ನ ಚಿತ್ರವನ್ನು ಹಿಗ್ಗಿಸಿ ಸರ್ವೆ ನಂಬರು, ದಿನಾಂಕ, ಹೆಸರುಗಳನ್ನು ಫಲಕದೊಡನೆ ತಾಳೆ ನೋಡಿ, ಸಂದೇಹವಿದ್ದುದನ್ನು ಚೀಟಿಯಲ್ಲಿ ಬರೆದುಕೊಳ್ಳಬೇಕು. ಪ್ರಕಟಣೆಯೇ ನಕಲಿನ ನಕಲಾಗಿ ಮಸಿ ಮಾಸಿದ್ದರೆ ಕ್ಯಾಮೆರಾದಿಂದ ಪ್ರಯೋಜನವಿಲ್ಲ. ಆಗ ಸಂಬಂಧಪಟ್ಟ ಗುಮಾಸ್ತರಲ್ಲಿ ಮೂಲ ಕಡತವನ್ನು ತೋರಿಸುವಂತೆ ಕೋರಿ, ದೃಢೀಕೃತ ನಕಲಿಗೆ ಅರ್ಜಿ ಸಲ್ಲಿಸುವುದೇ ಸರಿಯಾದ ಮಾರ್ಗ.