ತರಿತರಿ ಮೈಯ ಲೆಕ್ಕ: ಹಿಡಿತ ಸಿಕ್ಕಿತು, ಗಟ್ಟಿತನ ಎಷ್ಟು ಹೋಯ್ತು?

ತ್ರೀಡಿ ಪ್ರಿಂಟ್ ಮಾಡಿದ ಹಿಡಿಕೆ, ಗುಬುಟು, ಕ್ಯಾಮೆರಾ ಗ್ರಿಪ್‌ಗಳನ್ನು ಕೈಯಲ್ಲಿ ಹಿಡಿದರೆ ಕೆಲವು ತರಿತರಿಯಾಗಿರುತ್ತವೆ. ಪದರದ ಗೆರೆ ಕಾಣಲ್ಲ, ಬೆವರಿದ ಕೈಯಿಂದಲೂ ಸುಲಭಕ್ಕೆ ಜಾರಲ್ಲ. ಇದು ಸ್ಲೈಸರ್ ತಂತ್ರಾಂಶದ ಒಂದು ಆಯ್ಕೆಯ ಕೆಲಸ. ಹೆಸರು Fuzzy Skin, ಫಜಿ ಸ್ಕಿನ್. ಕ್ಯೂರಾ, ಪ್ರೂಸಾಸ್ಲೈಸರ್, ಆರ್ಕಾಸ್ಲೈಸರ್ ಮೂರರಲ್ಲೂ ಇದೆ. ನೋಡಲು ಚೆಂದ, ನಿಜ. ಆದರೆ ಭಾರ ಹೊರುವ ವಸ್ತುವಿಗೆ ಇದನ್ನು ಹಾಕುವ ಮುಂಚೆ ಒಂದು ಲೆಕ್ಕ ಹಾಕಲೇಬೇಕು.

ಫಜಿ ಸ್ಕಿನ್ ಪ್ಲಾಸ್ಟಿಕ್ಕಿಗೆ ಹೊಸದೇನನ್ನೂ ಸೇರಿಸುವುದಿಲ್ಲ. ಹೊರಗೋಡೆಯನ್ನು ಎಳೆಯುವಾಗ ನಾಝಲ್ ಸಾಗುವ ದಾರಿಯನ್ನು ಸಣ್ಣ ತುಂಡುಗಳಾಗಿ ಒಡೆದು, ಪ್ರತಿ ಬಿಂದುವನ್ನೂ ಮನಬಂದಂತೆ ಒಳಕ್ಕೋ ಹೊರಕ್ಕೋ ಸರಿಸುತ್ತದೆ, ಅಷ್ಟೇ. ಪ್ರೂಸಾಸ್ಲೈಸರ್‌ನಲ್ಲಿ ಮೊದಲೇ ಇರುವ ಅಳತೆ ಹೀಗಿದೆ: Fuzzy skin thickness 0.3 ಮಿ.ಮೀ., Fuzzy skin point distance 0.8 ಮಿ.ಮೀ. ಅಂದ್ರೆ ಸುಮಾರು 0.8 ಮಿ.ಮೀ.ಗೊಂದು ಬಿಂದು, ಅದು ಎರಡೂ ಕಡೆಗೆ 0.3 ಮಿ.ಮೀ.ವರೆಗೆ ಅಲುಗಬಹುದು.

ಅರಕ್ಕೆ ಹಾಕುವ ಒಂದು ಹಿಡಿಕೆಯನ್ನು ತೆಗೆದುಕೊಳ್ಳೋಣ. ವ್ಯಾಸ 30 ಮಿ.ಮೀ., ಉದ್ದ 100 ಮಿ.ಮೀ., ನಿಲ್ಲಿಸಿ ಪ್ರಿಂಟ್ ಮಾಡುವುದು, ಪದರದ ದಪ್ಪ 0.2 ಮಿ.ಮೀ. ಒಟ್ಟು 500 ಪದರ. ಒಂದು ಸುತ್ತು ಸುಮಾರು 94 ಮಿ.ಮೀ. ಆದ್ದರಿಂದ ಹೊರಗೋಡೆಯ ಉದ್ದ ಒಟ್ಟು 47 ಮೀಟರ್. ಸೆಕೆಂಡಿಗೆ 60 ಮಿ.ಮೀ. ವೇಗದಲ್ಲಿ 13 ನಿಮಿಷದ ಕೆಲಸ.

ಫಜಿ ಸ್ಕಿನ್ ಹಾಕಿದರೆ ದಾರಿ ಡೊಂಕಾಗುತ್ತದೆ, ಆದರೆ ಉದ್ದ ಹೆಚ್ಚುವುದು ಶೇ. 5ರಷ್ಟು ಮಾತ್ರ. ಸಮಯ ತಿನ್ನುವುದು ತಿರುವುಗಳು. ಒಂದು ಸುತ್ತಿಗೆ ಸುಮಾರು 118 ತಿರುವು, 500 ಪದರಕ್ಕೆ 59 ಸಾವಿರ! ಪ್ರತಿ ತಿರುವಿನಲ್ಲೂ ಯಂತ್ರ ವೇಗ ಇಳಿಸಿ ಮತ್ತೆ ಏರಿಸಬೇಕು. ಸರಾಸರಿ ವೇಗ ಅರ್ಧಕ್ಕಿಳಿದರೆ 13 ನಿಮಿಷ 27 ಆಗುತ್ತದೆ. ಬಿಂದುಗಳನ್ನು ಇನ್ನೂ ಹತ್ತಿರ ತಂದರೆ ಇನ್ನೂ ನಿಧಾನ. ನಿಮ್ಮ ಯಂತ್ರದಲ್ಲಿ ಎಷ್ಟಾಗುತ್ತದೆಂದು ತಿಳಿಯಲು ಒಮ್ಮೆ ಹಾಕಿ, ಒಮ್ಮೆ ತೆಗೆದು ಸ್ಲೈಸ್ ಮಾಡಿ, ಎರಡು ಅಂದಾಜನ್ನು ಹೋಲಿಸಿ ನೋಡಿ.

ಗಟ್ಟಿತನದ ವಿಷಯ ಇದಕ್ಕಿಂತ ಮುಖ್ಯ. ಎಳೆಯ ಅಗಲ ಸಾಮಾನ್ಯವಾಗಿ 0.45 ಮಿ.ಮೀ. ಒಂದು ಪದರದ ಬಿಂದು 0.3 ಹೊರಕ್ಕೆ, ಅದರ ಮೇಲಿನದು 0.3 ಒಳಕ್ಕೆ ಹೋದರೆ ಇಬ್ಬರ ನಡುವೆ 0.6 ಮಿ.ಮೀ. ಅಂತರ. ಎಳೆಯ ಅಗಲಕ್ಕಿಂತ ಅದೇ ಜಾಸ್ತಿ! ಆ ಜಾಗದಲ್ಲಿ ಮೇಲಿನ ಎಳೆ ಕೆಳಗಿನ ಎಳೆಯ ಮೇಲೆ ಕೂರುವುದೇ ಇಲ್ಲ. ಎಲ್ಲ ಕಡೆ ಹೀಗಾಗಲ್ಲ, ಆದರೆ ಅಂಟು ಎಲ್ಲೆಡೆ ಅರೆಬರೆ. ಹೊರಕ್ಕೆ ಸರಿದ ಎಳೆ ಪಕ್ಕದ ಒಳಗೋಡೆಯಿಂದಲೂ ಬಿಡುತ್ತದೆ. ಹಿಡಿಕೆ ಬಾಗುವಾಗ ಅತಿ ಹೆಚ್ಚು ಒತ್ತಡ ಬೀಳುವುದು ಹೊರಮೈ ಮೇಲೆಯೇ. ಅಲ್ಲಿನ ತಗ್ಗುಗಳು ಬಿರುಕು ಹುಟ್ಟುವ ಜಾಗಗಳೂ ಹೌದು.

ಹಾಗಾಗಿ ಹೊರಗೋಡೆಯನ್ನು ಬಲದ ಲೆಕ್ಕಕ್ಕೆ ಸೇರಿಸಬೇಡಿ, ಅದು ಬರೀ ಅಂಗಿ. ಒಳಗೋಡೆಗಳು ಹಾಗೇ ಇರುತ್ತವೆ. ಎರಡೇ ಗೋಡೆ ಇಟ್ಟರೆ ನಂಬಬಹುದಾದ್ದು ಒಂದೇ. ಈ ಹಿಡಿಕೆಗೆ ಮೂರು ಸಾಕಿತ್ತು ಅಂದ್ರೆ ನಾಲ್ಕು ಹಾಕಿ; ಸುಮಾರು 12 ನಿಮಿಷ ಹೆಚ್ಚು. ದಪ್ಪವನ್ನು 0.2ಕ್ಕೆ ಇಳಿಸಿದರೆ ಎರಡು ಪದರಗಳ ಗರಿಷ್ಠ ಅಂತರ 0.4, ಎಳೆಗಳು ಸ್ವಲ್ಪವಾದರೂ ತಾಗಿರುತ್ತವೆ. ಕೈಗೆ ಹಿಡಿತವೂ ಸಿಗುತ್ತದೆ.

ಅರದ ಬುಡ ಕೂರುವ ತೂತು ನುಣುಪಾಗಿಯೇ ಇರಬೇಕು. ಅದಕ್ಕೆ Outside walls ಆರಿಸಿ, All walls ಬೇಡ. ಬೇರೆ ಭಾಗಕ್ಕೆ ಕೂಡಿಸುವ ಹೊರಮೈ ಇದ್ದರೆ ಅಲ್ಲಿಯೂ ಬೇಡ, ಅಳತೆ ಕೆಟ್ಟು ಬಿಗಿಯಾಗುತ್ತದೆ. ಪ್ರೂಸಾಸ್ಲೈಸರ್ 2.9ರಿಂದ ಬೇಕಾದ ಜಾಗಕ್ಕಷ್ಟೇ ಬ್ರಶ್‌ನಲ್ಲಿ ಬಳಿಯಬಹುದು.

ಇನ್ನು ದೋಷ ಮುಚ್ಚುವ ಮಾತು. ಪದರದ ಗೆರೆ, ಸುತ್ತು ಮುಗಿಯುವಲ್ಲಿ ಉಳಿಯುವ ಸೀಮ್ ಗುರುತು, ಯಂತ್ರದ ಕಂಪನದಿಂದ ಬರುವ ಅಲೆಗಳು ಚೆನ್ನಾಗಿ ಮರೆಯಾಗುತ್ತವೆ. ಇವು ಮುಖ್ಯವಾಗಿ ನೋಟದ ದೋಷಗಳು, ಮುಚ್ಚಿದರೆ ತಪ್ಪಿಲ್ಲ. ಪದರವೇ ಜರುಗಿದ್ದರೆ ಮುಚ್ಚಲಾಗದು. ವಸ್ತುವಿನ ತಲೆಯ ಸಮತಟ್ಟು ಭಾಗಕ್ಕೂ ಇದು ತಾಗದು, ಕೆಲಸ ಮಾಡುವುದು ಗೋಡೆಯ ಮೇಲೆ ಮಾತ್ರ.

ಅಪಾಯ ಇರುವುದು ಪ್ಲಾಸ್ಟಿಕ್ ಸಾಕಷ್ಟು ಹರಿಯದೆ ಗೋಡೆ ಸೊರಗಿದಾಗ. ನುಣುಪು ಮೈಯಲ್ಲಿ ಅದು ಸಂದುಗಳಾಗಿ ಕಾಣುತ್ತದೆ, ತರಿ ಮೈಯಲ್ಲಿ ವಿನ್ಯಾಸದ ಭಾಗವೇ ಅನ್ನಿಸಿಬಿಡುತ್ತದೆ. ಅದಕ್ಕೇ ಅದೇ ಫಿಲಮೆಂಟ್‌ನಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ, ಮೊದಲು ಫಜಿ ಸ್ಕಿನ್ ಇಲ್ಲದ ಒಂದು ಗೇಣುದ್ದದ ತುಂಡು ಪ್ರಿಂಟ್ ಮಾಡಿ ಮುರಿದು ನೋಡಿ. ಪದರಗಳು ಬಿಸ್ಕತ್ತಿನ ಹಾಗೆ ನೀಟಾಗಿ ಬೇರ್ಪಟ್ಟರೆ ತಾಪಮಾನವನ್ನೋ ಹರಿವನ್ನೋ ಸರಿಪಡಿಸಬೇಕು. ತರಿ ಮೈ ಆಮೇಲಿನ ಮಾತು.