ಮ್ಯಾಕರಾನಿಗೆ ‘ಪಾದ’ ಮೂಡುವುದು ಹೇಗೆ?

ಪ್ಯಾರಿಸ್ಸಿನ ಮಿಠಾಯಿ ಅಂಗಡಿಗಳ ಗಾಜಿನ ಕಪಾಟುಗಳಲ್ಲಿ ಬಣ್ಣಬಣ್ಣದ ದೊಡ್ಡ ಗುಂಡಿಗಳಂತೆ ಸಾಲಾಗಿ ಜೋಡಿಸಿಟ್ಟ ತಿನಿಸೊಂದು ಕಾಣಸಿಗುತ್ತದೆ. ಅದರ ಹೆಸರು ಮ್ಯಾಕರಾನ್. ಬಾದಾಮಿ ಪುಡಿ, ಸಕ್ಕರೆ, ಮೊಟ್ಟೆಯ ಬಿಳಿಭಾಗ, ಇಷ್ಟೇ ಅದರ ಮೂಲ ಸಾಮಗ್ರಿ. ಮೈದಾ ಇಲ್ಲ, ಅಡುಗೆ ಸೋಡಾ ಇಲ್ಲ. ಎರಡು ದುಂಡನೆಯ ಬಿಲ್ಲೆಗಳ ನಡುವೆ ಕೆನೆಯನ್ನೋ ಜಾಮನ್ನೋ ಸವರಿ ಒಂದರ ಮೇಲೊಂದು ಕೂರಿಸಿರುತ್ತಾರೆ. ಬಿಲ್ಲೆಯ ನೆತ್ತಿ ಮೊಟ್ಟೆಯ ಚಿಪ್ಪಿನಂತೆ ನುಣುಪು. ಆದರೆ ಬುಡದಲ್ಲಿ ಮಾತ್ರ ಲಂಗದ ಅಂಚಿನ ನಿರಿಗೆಯಂತೆ ಒರಟಾದ ಒಂದು ಪಟ್ಟಿ. ಫ್ರೆಂಚರು ಇದನ್ನು ‘ಪಿಯೆ’, ಅಂದರೆ ಪಾದ ಎಂದು ಕರೆಯುತ್ತಾರೆ.

ಒಂದೇ ಹಿಟ್ಟು, ಒಂದೇ ಓವನ್. ಹಾಗಿದ್ದೂ ಮೇಲೆ ನುಣುಪು, ಕೆಳಗೆ ನಿರಿಗೆ ಏಕೆ? ಫ್ರಾನ್ಸಿನದೇ ಆದ ನಾನ್ಸಿ ಪಟ್ಟಣದ ಮ್ಯಾಕರಾನ್ ಕೂಡ ಬಾದಾಮಿ, ಸಕ್ಕರೆ, ಮೊಟ್ಟೆಯ ಬಿಳಿಭಾಗದಿಂದಲೇ ಆದದ್ದು. ಅದರ ನೆತ್ತಿಯಾದರೋ ಬೇಸಿಗೆಯ ಕೆರೆಯಂಗಳದಂತೆ ಬಿರುಕುಬಿಟ್ಟಿರುತ್ತದೆ, ಪಾದವೂ ಇರುವುದಿಲ್ಲ. ಆದ್ದರಿಂದ ಗುಟ್ಟು ಸಾಮಗ್ರಿಯಲ್ಲಷ್ಟೇ ಇಲ್ಲ, ಹಿಟ್ಟನ್ನು ನಡೆಸಿಕೊಳ್ಳುವ ರೀತಿಯಲ್ಲಿದೆ ಎಂದಾಯಿತು.

ಸಾಮಾನ್ಯವಾಗಿ ಬಳಸುವ ಒಂದು ಅಳತೆ ಹೀಗಿದೆ: ಮೊಟ್ಟೆಯ ಬಿಳಿಭಾಗ 100 ಗ್ರಾಂ (ಸುಮಾರು 3 ಮೊಟ್ಟೆಗಳದು), ಸಣ್ಣ ಹರಳಿನ ಸಕ್ಕರೆ 100 ಗ್ರಾಂ, ಸಿಪ್ಪೆ ತೆಗೆದ ಒಣ ಬಾದಾಮಿಯ ನುಣ್ಣನೆಯ ಪುಡಿ 125 ಗ್ರಾಂ, ಪುಡಿಸಕ್ಕರೆ 125 ಗ್ರಾಂ. ಚಮಚದ ಲೆಕ್ಕ ಇಲ್ಲಿ ಸಾಲದು, ತಕ್ಕಡಿಯೇ ಬೇಕು. ಬಾದಾಮಿ ಪುಡಿ ಮತ್ತು ಪುಡಿಸಕ್ಕರೆಯನ್ನು ಒಟ್ಟಿಗೆ ಜರಡಿ ಹಿಡಿಯಬೇಕು. ಮಿಕ್ಸಿಯಲ್ಲಿ ಬಾದಾಮಿಯನ್ನು ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಡುತ್ತದೆ, ಎಣ್ಣೆ ನೊರೆಯನ್ನು ಕೊಲ್ಲುತ್ತದೆ. ಪುಡಿಸಕ್ಕರೆಯೊಡನೆ ಸೇರಿಸಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸುವುದು ಒಳ್ಳೆಯದು.

ಬಿಳಿಭಾಗದಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರು, ಉಳಿದದ್ದು ಹೆಚ್ಚಾಗಿ ಪ್ರೋಟೀನು. ಬೀಟರಿನಿಂದ ಕಡೆದಾಗ ಸುರುಳಿ ಸುತ್ತಿಕೊಂಡಿದ್ದ ಪ್ರೋಟೀನಿನ ಅಣುಗಳು ಬಿಚ್ಚಿಕೊಂಡು, ಒಳಹೊಕ್ಕ ಗಾಳಿಯ ಗುಳ್ಳೆಗಳ ಸುತ್ತ ಪೊರೆ ಕಟ್ಟುತ್ತವೆ. ಹರಳು ಸಕ್ಕರೆಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಹೋದರೆ ಅದು ಪೊರೆಯ ನೀರಿನಲ್ಲಿ ಕರಗಿ, ನೀರನ್ನು ಮಂದವಾಗಿಸಿ ಗುಳ್ಳೆಗಳಿಗೆ ಆಸರೆಯಾಗುತ್ತದೆ. ಬೀಟರನ್ನು ಮೇಲೆತ್ತಿದಾಗ ನೊರೆಯ ತುದಿ ಬಾಗದೆ ಮೊನೆಯಂತೆ ನಿಂತರೆ ಸಾಕು.

ಇಷ್ಟು ಜತನದಿಂದ ತುಂಬಿದ ಗಾಳಿಯಲ್ಲಿ ಒಂದಷ್ಟನ್ನು ಬೇಕೆಂದೇ ಹೊರಹಾಕುವುದು ಮುಂದಿನ ಕೆಲಸ. ಇದಕ್ಕೆ ‘ಮ್ಯಾಕರೊನಾಜ್’ ಎಂದು ಹೆಸರು. ಬಾದಾಮಿ-ಸಕ್ಕರೆ ಪುಡಿಯನ್ನು ನೊರೆಗೆ ಸುರಿದು, ಚಪ್ಪಟೆಯಾದ ರಬ್ಬರ್ ಸೌಟಿನಿಂದ ತಳದಿಂದ ಮೇಲಕ್ಕೆ ಮಗುಚುತ್ತ, ನಡುನಡುವೆ ಬಟ್ಟಲಿನ ಗೋಡೆಗೆ ಒತ್ತಿ ಸವರುತ್ತಾರೆ. ಮೊದಮೊದಲು ಹಿಟ್ಟು ಉಂಡೆಯುಂಡೆಯಾಗಿ ಮಂಕಾಗಿರುತ್ತದೆ. ಮಗುಚುತ್ತ ಹೋದಂತೆ ಸಡಿಲವಾಗಿ ಹೊಳಪು ಬರುತ್ತದೆ. ಯಾವಾಗ ನಿಲ್ಲಿಸಬೇಕು ಎಂಬುದೇ ಕಷ್ಟದ ಪ್ರಶ್ನೆ. ಎಷ್ಟು ಸಲ ಮಗುಚಬೇಕೆಂದು ಎಣಿಸಿ ಹೇಳುವವರಿದ್ದಾರೆ. ಆದರೆ ಒಬ್ಬರ ಕೈ ಇನ್ನೊಬ್ಬರದಂತಿರುವುದಿಲ್ಲವಾದ್ದರಿಂದ ಆ ಎಣಿಕೆಯನ್ನು ನಂಬುವಂತಿಲ್ಲ. ಸೌಟನ್ನು ಎತ್ತಿ ಹಿಡಿದಾಗ ಹಿಟ್ಟು ತುಂಡಾಗದೆ ಅಗಲವಾದ ಪಟ್ಟಿಯಂತೆ ಇಳಿಯಬೇಕು. ಕೆಳಗೆ ಬಿದ್ದ ಪಟ್ಟಿಯ ಗುರುತು ಸುಮಾರು 20ರಿಂದ 30 ಸೆಕೆಂಡಿನಲ್ಲಿ ತಾನಾಗಿ ಕರಗಬೇಕು. ಗುರುತು ಹಾಗೆಯೇ ನಿಂತರೆ ಇನ್ನೂ ಎರಡು ಸಲ ಮಗುಚಿ ನೋಡಬಹುದು. ಬಿದ್ದ ಕೂಡಲೇ ಮಾಯವಾದರೆ ಗಾಳಿ ಅತಿಯಾಗಿ ಹೋಗಿದೆ, ಅದನ್ನು ಮರಳಿ ತುಂಬುವ ಉಪಾಯವಿಲ್ಲ.

ಈ ಹಿಟ್ಟನ್ನು ಕೋನಿನಲ್ಲಿ ತುಂಬಿ, ಬೇಕಿಂಗ್ ಕಾಗದ ಹಾಸಿದ ಟ್ರೇ ಮೇಲೆ ಮೂರೂವರೆ ಸೆಂಟಿಮೀಟರ್ ಅಗಲದ ಬೊಟ್ಟುಗಳನ್ನಿಡುತ್ತಾರೆ. ಟ್ರೇಯನ್ನು ಮೇಜಿನ ಮೇಲೆ ಎರಡು ಮೂರು ಸಲ ಕುಟ್ಟಿದರೆ ದೊಡ್ಡ ಗುಳ್ಳೆಗಳು ಮೇಲೆದ್ದು ಒಡೆಯುತ್ತವೆ. ಒಡೆಯದೆ ಉಳಿದವನ್ನು ಕಡ್ಡಿಯಿಂದ ಚುಚ್ಚಬೇಕು.

ಇನ್ನು ವಿಶ್ರಾಂತಿ. ಟ್ರೇಯನ್ನು ಓವನ್ನಿಗೆ ತಳ್ಳದೆ ಹಾಗೆಯೇ ಬಿಟ್ಟರೆ ಬೊಟ್ಟುಗಳ ಮೇಲ್ಮೈಯಿಂದ ನೀರು ಆವಿಯಾಗಿ, ಸಕ್ಕರೆ ಮತ್ತು ಪ್ರೋಟೀನಿನ ತೆಳುಪೊರೆ ಉಳಿಯುತ್ತದೆ. ಟ್ರೇಗೆ ತಾಗಿದ ಬುಡಕ್ಕೆ ಗಾಳಿ ಸೋಕುವುದಿಲ್ಲ, ಅದು ಹಸಿಯಾಗಿಯೇ ಇರುತ್ತದೆ. ಮೇಲೆ ಮತ್ತು ಕೆಳಗೆ ಬೇರೆ ಬೇರೆ ರೂಪ ಬರುವುದಕ್ಕೆ ಕಾರಣ ಈ ವ್ಯತ್ಯಾಸವೇ.

ಓವನ್ನಿನ ಉಷ್ಣತೆ ಸುಮಾರು 150 ಡಿಗ್ರಿ ಸೆಲ್ಸಿಯಸ್. ಒಳಗಿನ ಗುಳ್ಳೆಗಳು ಹಿಗ್ಗತೊಡಗುತ್ತವೆ. ಹೈಸ್ಕೂಲಿನ ಅನಿಲ ನಿಯಮವನ್ನು ಬಲ್ಲ ವಿದ್ಯಾರ್ಥಿ ಇಲ್ಲೊಂದು ಲೆಕ್ಕ ಮಾಡಬಹುದು. 25 ಡಿಗ್ರಿ ಎಂದರೆ 298 ಕೆಲ್ವಿನ್, 100 ಡಿಗ್ರಿ ಎಂದರೆ 373 ಕೆಲ್ವಿನ್. ಅಷ್ಟು ಬಿಸಿಗೆ ಗಾಳಿ ಹಿಗ್ಗುವುದು 373/298, ಅಂದರೆ ಒಂದೂಕಾಲು ಪಟ್ಟು ಮಾತ್ರ. ಗಾಳಿಯೊಂದರಿಂದಲೇ ಬಿಲ್ಲೆ ಮೇಲೇಳಲಾರದು. ಹೆಚ್ಚಿನ ಬಲ ಬರುವುದು ನೀರಾವಿಯಿಂದ. ನೀರು ಆವಿಯಾದಾಗ ಅದರ ಗಾತ್ರ ಸಾವಿರದ ಆರುನೂರು ಪಟ್ಟಿಗೂ ಮಿಗಿಲು. ಗಾಳಿಯ ಗುಳ್ಳೆಗಳು ಆ ಆವಿ ಸೇರಿಕೊಳ್ಳಲು ಸಿದ್ಧವಾದ ಕೋಣೆಗಳು.

ಆವಿ ಹೊರಬೀಳಲು ದಾರಿ ಹುಡುಕುತ್ತದೆ. ಒಲೆಯ ಮೇಲಿನ ಹಾಲಿಗೆ ಕೆನೆ ಕಟ್ಟಿದ ಮೇಲೆ ಆವಿ ಆ ಕೆನೆಯನ್ನೇ ಎತ್ತಿ ಪಾತ್ರೆಯ ಅಂಚಿನಿಂದ ಉಕ್ಕುವುದನ್ನು ಎಲ್ಲರೂ ಕಂಡಿದ್ದಾರೆ. ಇಲ್ಲೂ ಹಾಗೆಯೇ. ಮೇಲೆ ಒಣಪೊರೆ ಅಡ್ಡ ನಿಂತಿರುವುದರಿಂದ ಆವಿ ಆ ಪೊರೆಯನ್ನೇ ಮುಚ್ಚಳದಂತೆ ಎತ್ತಿ, ಹಸಿಯಾಗಿರುವ ಬುಡದ ಅಂಚಿನಿಂದ ನುಗ್ಗುತ್ತದೆ. ಅದರೊಡನೆ ಹೊರಬಂದ ನೊರೆಹಿಟ್ಟು ಅಲ್ಲಿಯೇ ಬೆಂದು ಗಟ್ಟಿಯಾದಾಗ ಪಾದ ಸಿದ್ಧ. ಓವನ್ನಿಗೆ ಗಾಜಿನ ಬಾಗಿಲಿದ್ದರೆ ಐದಾರು ನಿಮಿಷದಲ್ಲೇ ಈ ಏಳುವಿಕೆಯನ್ನು ನೋಡಬಹುದು.

ಅನುಮಾನವಿದ್ದವರು ಒಂದೇ ಬಟ್ಟಲಿನ ಹಿಟ್ಟನ್ನು ಎರಡು ಟ್ರೇಗಳಿಗೆ ಹಾಕಿ ಪರೀಕ್ಷಿಸಲಿ. ಮೊದಲನೆಯದನ್ನು ತಕ್ಷಣ ಬೇಯಿಸಿ, ಎರಡನೆಯದನ್ನು ಮೇಲ್ಮೈ ಒಣಗಿದ ಬಳಿಕ ಅದೇ ಉಷ್ಣತೆಯಲ್ಲಿ ಬೇಯಿಸಬೇಕು. ಮೊದಲ ಟ್ರೇಯ ಬಿಲ್ಲೆಗಳಲ್ಲಿ ಹಲವು ನೆತ್ತಿ ಸೀಳಿ, ಪಾದವಿಲ್ಲದೆ, ನಾನ್ಸಿಯ ಬಿಲ್ಲೆಗಳ ನೆಂಟರಂತೆ ಹೊರಬಂದರೆ ಕಾರಣ ಹುಡುಕಬೇಕಾಗಿಲ್ಲ. ಹಿಟ್ಟು ಒಂದೇ, ಬಿಸಿ ಒಂದೇ, ಬದಲಾದದ್ದು ಪೊರೆ ಮಾತ್ರ.

ಎಷ್ಟು ಹೊತ್ತು ಒಣಗಿಸಬೇಕು? ಪುಸ್ತಕಗಳು 30ರಿಂದ 60 ನಿಮಿಷ ಎನ್ನುತ್ತವೆ. ಆದರೆ ಇದನ್ನು ತೀರ್ಮಾನಿಸುವುದು ಗಡಿಯಾರವಲ್ಲ, ಗಾಳಿಯ ತೇವ. ಮಾರ್ಚ್ ತಿಂಗಳ ಕಲಬುರ್ಗಿಯಲ್ಲಿ ಬೇಗನೆ ಆಗುವ ಕೆಲಸ ಜುಲೈ ಮಳೆಯ ಮಂಗಳೂರಿನಲ್ಲಿ ಒಂದು ಗಂಟೆಯಾದರೂ ಆಗದಿರಬಹುದು. ಅಂಥ ದಿನ ಫ್ಯಾನಿನ ಕೆಳಗಿಡುವುದು ಲೇಸು. ಬೆರಳ ತುದಿಯಿಂದ ಮೆಲ್ಲನೆ ಸವರಿದಾಗ ಅಂಟಬಾರದು, ಹೊಳಪು ಹೋಗಿ ಮಾಸಲಾಗಿರಬೇಕು. ಕುದಿಸಿದ ಸಕ್ಕರೆ ಪಾಕವನ್ನು ನೊರೆಗೆ ಹೊಯ್ದು ಮಾಡುವ ಇಟಲಿಯ ಕ್ರಮವೊಂದಿದೆ. ಅದರಲ್ಲಿ ನೊರೆ ಹೆಚ್ಚು ಗಟ್ಟಿಯಿರುವುದರಿಂದ ಕೆಲವರು ವಿಶ್ರಾಂತಿಯನ್ನೇ ಕೊಡುವುದಿಲ್ಲ.

ಕೆಟ್ಟ ಟ್ರೇಯನ್ನು ಎಸೆಯುವ ಮೊದಲು ಒಮ್ಮೆ ಓದಿ ನೋಡಬೇಕು. ಬಾದಾಮಿಯ ಬೆಲೆಗೆ ಅಷ್ಟಾದರೂ ಲಾಭ ಸಿಗಲಿ. ನೆತ್ತಿಯ ಮೇಲೆ ಚಿಕ್ಕ ಮೊನೆ ಉಳಿದಿದ್ದರೆ ಮ್ಯಾಕರೊನಾಜ್ ಸಾಲದು. ಬಿಲ್ಲೆ ಹರಡಿ ಚಪ್ಪಟೆಯಾಗಿ ಪಾದವೇ ಇಲ್ಲದಿದ್ದರೆ ಅದು ಅತಿಯಾಗಿದೆ. ನೆತ್ತಿ ಒಡೆದಿದ್ದರೆ ಪೊರೆ ಕಟ್ಟಿರಲಿಲ್ಲ, ಇಲ್ಲವೇ ಓವನ್ ತೀರಾ ಬಿಸಿಯಾಗಿತ್ತು. ಓವನ್ನಿನ ಮುಳ್ಳು ತೋರಿಸುವ ಅಂಕಿಗೂ ಒಳಗಿನ ನಿಜವಾದ ಉಷ್ಣತೆಗೂ 20 ಡಿಗ್ರಿ ಅಂತರವಿದ್ದರೆ ಅಚ್ಚರಿಯಿಲ್ಲ, ಒಳಗಿಡುವ ಸಣ್ಣ ಉಷ್ಣಮಾಪಕವೊಂದು ಇದ್ದರೆ ಒಳ್ಳೆಯದು. ಪಾದ ಒಂದೇ ಬದಿಗೆ ಎದ್ದು ಬಿಲ್ಲೆ ಟೋಪಿಯಂತೆ ವಾಲಿದ್ದರೆ ಓವನ್ನಿನ ಫ್ಯಾನು ಒಂದು ಕಡೆಯಿಂದ ಬೀಸುತ್ತಿರಬಹುದು.

ಬೇಯಲು ಸಾಮಾನ್ಯವಾಗಿ 14ರಿಂದ 16 ನಿಮಿಷ ಹಿಡಿಯುತ್ತದೆ. ನೆತ್ತಿಯನ್ನು ಬೆರಳಿನಿಂದ ಮೆಲ್ಲನೆ ಅಲುಗಿಸಿದಾಗ ಪಾದದ ಮೇಲೆ ಜಾರಾಡಿದರೆ ಇನ್ನೊಂದೆರಡು ನಿಮಿಷ ಬೇಕು. ತೆಗೆದ ಟ್ರೇ ಪೂರ್ತಿ ತಣ್ಣಗಾದ ಮೇಲಷ್ಟೇ ಬಿಲ್ಲೆಗಳನ್ನು ಕಾಗದದಿಂದ ಬಿಡಿಸಬೇಕು. ಆಗಲೂ ತಳ ಕಾಗದಕ್ಕೆ ಅಂಟಿಕೊಂಡು ಕಿತ್ತುಬಂದರೆ ಒಳಗೆ ಇನ್ನೂ ಬೆಂದಿಲ್ಲವೆಂದು ತಿಳಿದು ಟ್ರೇಯನ್ನು ಮತ್ತೆ ಎರಡು ನಿಮಿಷ ಓವನ್ನಿಗೆ ಇಡಬಹುದು.